ಪಂಚ್ ಮಾಡುವ ಮೊದಲಿನ 22 ನಿಮಿಷ

ಔಷಧ ತಯಾರಿಸುವ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ಬೆಳಗಿನ ಶಿಫ್ಟಿನ ಕಾರ್ಮಿಕರು ಒಂದು ಮನವಿ ಕೊಟ್ಟರು. ಶಿಫ್ಟ್ 6 ಗಂಟೆಗೆ ಆರಂಭವಾದರೂ ತಾವು 5.35ರ ಹೊತ್ತಿಗೆ ಗೇಟಿನಲ್ಲಿ ಇರಲೇಬೇಕಾಗುತ್ತದೆ, ಆ ಹೊತ್ತಿಗೆ ಕೂಲಿ ಸಿಗುತ್ತಿಲ್ಲ ಎಂಬುದು ಅವರ ದೂರು. ಪಂಚ್ ಯಂತ್ರ ಇದ್ದದ್ದು ಉತ್ಪಾದನಾ ವಿಭಾಗದ ಬಾಗಿಲಲ್ಲಿ. ಅಲ್ಲಿಗೆ ತಲುಪುವ ಮೊದಲು ತಪಾಸಣೆ, ಸಮವಸ್ತ್ರ ಬದಲಾವಣೆ, ಸೂಪರ್‌ವೈಸರರ ಸೂಚನಾ ಸಭೆ, ಈ ಮೂರೂ ಮುಗಿದಿರಬೇಕಿತ್ತು.

ಕಡತ ನೋಡಿ ತೀರ್ಮಾನಿಸುವ ಬದಲು ನಾನು ಆರು ದಿನ ಗಡಿಯಾರ ಹಿಡಿದು ಅಲ್ಲಿಯೇ ನಿಂತೆ. ತಪಾಸಣೆಗೆ ಒಬ್ಬರಿಗೆ ಅರ್ಧ ನಿಮಿಷವೂ ಬೇಕಿರಲಿಲ್ಲ, ಆದರೆ ಸಾಲಿನಲ್ಲಿ ಕಾಯುವುದೂ ಸೇರಿ ಸರಾಸರಿ 5 ನಿಮಿಷವಾಗುತ್ತಿತ್ತು. ಉಡುಪು ಬದಲಿಸಿ, ಕೂದಲಿಗೆ ಟೋಪಿ ಹಾಕಿ, ಕೈ ತೊಳೆಯಲು 7 ನಿಮಿಷ, ಸಭೆಗೆ 10 ನಿಮಿಷ. ಸಂಜೆ ಉಡುಪು ಕಳಚಲು 5, ಹೊರಹೋಗುವ ತಪಾಸಣೆಗೆ 5. ಒಟ್ಟು ದಿನಕ್ಕೆ 32 ನಿಮಿಷ. 26 ದಿನ ಕೆಲಸ ಮಾಡಿದವರಿಗೆ ಇದು 13 ಗಂಟೆ 52 ನಿಮಿಷವಾಗುತ್ತದೆ. ಎಂಟು ಗಂಟೆಯ ಶಿಫ್ಟಿನ ಮೇಲೆ ಬರುವ ಈ ಹೊತ್ತನ್ನು ಅಲ್ಪವೆಂದು ಬದಿಗಿಡಲು ನನ್ನ ಮನಸ್ಸು ಒಪ್ಪಲಿಲ್ಲ.

ಅಳತೆಗೋಲಾಗಿ ನಾನು ಹಿಡಿದದ್ದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1930ರ 30ನೇ ಒಡಂಬಡಿಕೆಯ ಮಾತನ್ನು. ಅದನ್ನು ವಾಣಿಜ್ಯ ಸಂಸ್ಥೆ ಮತ್ತು ಕಚೇರಿಗಳಿಗಾಗಿ ಬರೆದಿದ್ದರೂ, ನೌಕರರು ಮಾಲೀಕರ ಸುಪರ್ದಿಯಲ್ಲಿರುವ ಸಮಯವೇ ಕೆಲಸದ ಸಮಯ ಎಂಬ ಅದರ ವಿವರಣೆ ಸ್ಪಷ್ಟವಾಗಿದೆ. ಆದ್ದರಿಂದ ಪ್ರತಿ ಹಂತಕ್ಕೂ ನಾನು ಕೇಳಿಕೊಂಡದ್ದು ಇಷ್ಟೇ: ಇದು ಯಾರ ಆಜ್ಞೆಯಿಂದ, ಯಾರ ಅಗತ್ಯಕ್ಕಾಗಿ ನಡೆಯುತ್ತಿದೆ, ಮತ್ತು ಆ ಹೊತ್ತಿನಲ್ಲಿ ಕಾರ್ಮಿಕರು ತಮ್ಮ ಇಷ್ಟದಂತೆ ಬೇರೇನಾದರೂ ಮಾಡಬಹುದೇ?

ಸಭೆಯ ವಿಷಯದಲ್ಲಿ ಅನುಮಾನವೇ ಉಳಿಯಲಿಲ್ಲ. ಅಲ್ಲಿ ಹೆಸರು ಕೂಗುತ್ತಿದ್ದರು, ಯಾವ ಯಂತ್ರಕ್ಕೆ ಯಾರು ಎಂದು ಹೇಳುತ್ತಿದ್ದರು, ಬಾರದವರಿಂದ ವಿವರಣೆ ಕೇಳುತ್ತಿದ್ದರು. ಸಮವಸ್ತ್ರದಲ್ಲಿ ಮಾತ್ರ ಎರಡು ಬಗೆಯವರಿದ್ದರು. ಉತ್ಪಾದನಾ ವಿಭಾಗದವರ ಉಡುಪನ್ನು ಕಾರ್ಖಾನೆಯೇ ಒಗೆಸುತ್ತಿತ್ತು, ಅದನ್ನು ಮನೆಗೆ ಒಯ್ಯುವಂತಿರಲಿಲ್ಲ, ಅದಿಲ್ಲದೆ ಒಳಗೆ ಕಾಲಿಡುವಂತೆಯೂ ಇರಲಿಲ್ಲ; ಅವರಿಗೆ ಅದು ಕೆಲಸದ ಭಾಗವೇ. ಗೋದಾಮಿನವರಿಗಾದರೋ ಕೊಟ್ಟದ್ದು ಸಾಮಾನ್ಯ ಅಂಗಿ, ಪ್ಯಾಂಟು. ಮನೆಯಿಂದಲೇ ತೊಟ್ಟು ಬರಲು ಯಾವ ಅಡ್ಡಿಯೂ ಇಲ್ಲದಿದ್ದುದರಿಂದ, ಅವರು ಇಲ್ಲಿ ಬದಲಿಸಿಕೊಳ್ಳುವ ಸಮಯವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೆಚ್ಚು ಯೋಚಿಸಬೇಕಾಗಿ ಬಂದದ್ದು ತಪಾಸಣೆಯ ಬಗ್ಗೆ, ಏಕೆಂದರೆ ಇಲ್ಲಿ ನ್ಯಾಯಾಲಯಗಳೇ ಒಂದು ದಾರಿಯಲ್ಲಿಲ್ಲ. ಗೋದಾಮಿನ ನೌಕರರು ಕೆಲಸ ಮುಗಿಸಿ ಹೊರಡುವಾಗಿನ ತಪಾಸಣೆಗೆ ಫೆಡರಲ್ ಕಾನೂನಿನಡಿ ಕೂಲಿ ಕೊಡಬೇಕಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಅವರನ್ನು ನೇಮಿಸಿಕೊಂಡದ್ದು ಸರಕು ತೆಗೆದು ಕಟ್ಟುವುದಕ್ಕೆ, ತಪಾಸಣೆಗೆ ಒಳಗಾಗುವುದಕ್ಕಲ್ಲ ಎಂಬುದು ಅದರ ತರ್ಕ. ಆದರೆ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2020ರಲ್ಲಿ ತನ್ನ ರಾಜ್ಯದ ನಿಯಮದ ಪ್ರಕಾರ, ನೌಕರರು ಮಾಲೀಕರ ನಿಯಂತ್ರಣದಲ್ಲಿ ಇದ್ದರೇ ಎಂಬುದನ್ನು ನೋಡಿ, ಹೊರಹೋಗುವಾಗಿನ ಚೀಲದ ತಪಾಸಣೆಗೆ ಕೂಲಿ ಸಲ್ಲಬೇಕೆಂದಿತು. ಹೀಗೆ ಉತ್ತರವು ಆಯಾ ಕಡೆಯ ಕಾನೂನು ಯಾವ ಪ್ರಶ್ನೆ ಕೇಳುತ್ತದೆ ಎಂಬುದರ ಮೇಲೆ ನಿಂತಿದೆ. ನಾನು ಎರಡೂ ತಪಾಸಣೆಗಳನ್ನು ಸೇರಿಸಿದೆ: ಸಾಲು ಬಿಟ್ಟು ಹೋಗಲು ಅವರಿಗೆ ಬಿಡುವಿರಲಿಲ್ಲ, ಸಾಲು ಎಷ್ಟು ಉದ್ದವಾಗಬೇಕೆಂಬುದು ಆಡಳಿತದ ಕೈಯಲ್ಲಿತ್ತು.

ಪಂಚ್ ಯಂತ್ರವನ್ನು ಗೇಟಿನ ಹೊರಗೆ, ಸಾಲು ಆರಂಭವಾಗುವಲ್ಲಿಗೆ ಸಾಗಿಸಿ ಎಂದು ಬರೆದುಕೊಟ್ಟೆ. ಆಗ ಒಂದು ತೊಡಕು ಎದುರಾಯಿತು. ಬಸ್ಸಿನ ಅನುಕೂಲಕ್ಕಾಗಿ ಕೆಲವರು 5.10ಕ್ಕೇ ಬಂದು ಹೊರಗೆ ಕುಳಿತಿರುತ್ತಿದ್ದರು. ಆ ಹೊತ್ತು ಅವರದೇ ಆದ್ದರಿಂದ ಅದು ಕೆಲಸವಲ್ಲ. ಹೀಗಾಗಿ ಗೇಟ್ ತೆರೆಯುವುದನ್ನೇ 5.38ಕ್ಕೆ ನಿಗದಿ ಮಾಡಿಸಿ, ಯಂತ್ರವೂ ಅದಕ್ಕೆ ಮೊದಲು ಪಂಚ್ ತೆಗೆದುಕೊಳ್ಳದಂತೆ ಮಾಡಿಸಿದೆ.

ಇಷ್ಟಾದರೂ ಮೊದಲ ತಿಂಗಳ ಸಂಬಳದ ಪಟ್ಟಿಯಲ್ಲಿ ಏನೂ ಬದಲಾಗಿರಲಿಲ್ಲ. ಮೂಲ ಪಂಚ್ ದಾಖಲೆಯನ್ನು ಪಾವತಿಯಾದ ಗಂಟೆಗಳ ಪಕ್ಕದಲ್ಲಿಟ್ಟು ನೋಡಿದಾಗ ಕಾರಣ ತಿಳಿಯಿತು. 6 ಗಂಟೆಗೆ ಮೊದಲಿನ ಪ್ರತಿ ಪಂಚನ್ನೂ ಹಾಜರಾತಿ ತಂತ್ರಾಂಶ 6.00 ಎಂದು ತಿದ್ದುತ್ತಿತ್ತು, 6.03ಕ್ಕೆ ಬಂದವರನ್ನು ಮಾತ್ರ 6.15ಕ್ಕೆ ಬಂದಂತೆ ಎಣಿಸುತ್ತಿತ್ತು. ನಿಮಿಷಗಳು ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಅದು ಪೂರ್ಣಾಂಕ ಮಾಡುವ ಅನುಕೂಲವಾಗಿರದೆ ಕೂಲಿಯ ಕಡಿತವಾಗಿರುತ್ತದೆ. ಆ ನಿಯಮವನ್ನು ತೆಗೆಸಿದೆವು. ಹಿಂದಿನ ತಿಂಗಳುಗಳ ಬಾಕಿಗೆ ಗೇಟಿನ ಪಂಚ್ ದಾಖಲೆ ಇರಲಿಲ್ಲವಾದ್ದರಿಂದ, ಉತ್ಪಾದನಾ ವಿಭಾಗದವರಿಗೆ ಆರು ದಿನಗಳ ಸರಾಸರಿಯಾದ 32 ನಿಮಿಷವನ್ನೂ, ಗೋದಾಮಿನವರಿಗೆ ಅದರಿಂದ ಉಡುಪಿನ 12 ನಿಮಿಷ ಕಳೆದು 20 ನಿಮಿಷವನ್ನೂ ಆಧಾರವಾಗಿ ಹಿಡಿದು ಲೆಕ್ಕ ಹಾಕಿದೆ.