ಟಬ್ಬಿನ ಕೆಳಗಿನ ಗೆರೆ ಎಣಿಸಿ, ಆಮೇಲೆ ನೀರು ಬಿಡಿ

ದೊಡ್ಡವರ ಸ್ವೆಟರ್ ಒಂದೇ ಒಗೆತಕ್ಕೆ ಮಗುವಿನ ಅಳತೆಗೆ ಬಂತು ಅಂದರೆ ತಪ್ಪು ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ. ಲೇಬಲ್ ಮೇಲಿನ ಟಬ್ಬಿನ ಚಿತ್ರ ನೋಡಿರುತ್ತಾರೆ, ಅದರ ಕೆಳಗಿನ ಗೆರೆ ನೋಡಿರುವುದಿಲ್ಲ.

ಲೇಬಲ್ ಕುತ್ತಿಗೆ ಹತ್ತಿರ ಇಲ್ಲದಿದ್ದರೆ ಪಕ್ಕದ ಹೊಲಿಗೆಯ ಒಳಗಡೆ ಸಿಗುತ್ತದೆ. ಮೊದಲು ಟಬ್ಬನ್ನೇ ಓದಿ. ಅದರ ಮೇಲೆ ಕಾಟು ಹಾಕಿದ್ದರೆ ಮನೆಯಲ್ಲಿ ನೀರಿಗೆ ಅದ್ದುವಂತಿಲ್ಲ. ಒಳಗೆ ಕೈಯ ಚಿತ್ರವಿದ್ದರೆ ಕೈಯಲ್ಲೇ ಒಗೆಯಬೇಕು. ಒಳಗೆ 30 ಅಥವಾ 40 ಎಂಬ ಅಂಕಿ ಇದ್ದರೆ ಮಷಿನ್ ಆದೀತು, ಆದರೆ ಕೆಳಗಿನ ಗೆರೆ ಎಣಿಸಿದ ಮೇಲೆ. ಗೆರೆ ಇಲ್ಲದಿದ್ದರೆ ಮಾಮೂಲಿ ಒಗೆತ, ಒಂದು ಗೆರೆಗೆ ಮೆಲ್ಲನೆಯ ಒಗೆತ, ಎರಡು ಗೆರೆಗೆ ಅತಿ ಮೆಲ್ಲನೆಯ ಒಗೆತ. ಉಣ್ಣೆಯ ಮೇಲೆ ಹೆಚ್ಚಾಗಿ ಕಾಣುವುದು ಈ ಎರಡು ಗೆರೆಯೇ.

ಒಂದು ಉಣ್ಣೆ ಸ್ವೆಟರ್ ಲೇಬಲ್ ಹೀಗಿದೆ ಅನ್ನಿ: ಟಬ್ಬು, ಒಳಗೆ 30, ಕೆಳಗೆ ಎರಡು ಗೆರೆ, ಕಾಟು ಹಾಕಿದ ತ್ರಿಕೋನ, ಚೌಕದೊಳಗೆ ವೃತ್ತ, ಅದರ ಮೇಲೂ ಕಾಟು, ಕೊನೆಗೆ ಬರೀ ವೃತ್ತದಲ್ಲಿ ಇಂಗ್ಲಿಷಿನ ಪಿ ಅಕ್ಷರ. ತ್ರಿಕೋನ ಬ್ಲೀಚ್ ಬೇಡ ಅನ್ನುತ್ತದೆ, ಚೌಕ ಡ್ರೈಯರ್ ಬೇಡ ಅನ್ನುತ್ತದೆ. ಕೊನೆಯ ವೃತ್ತ ಕಂಡೊಡನೆ ಡ್ರೈ ಕ್ಲೀನಿಂಗ್‌ಗೇ ಕೊಡಬೇಕು ಎಂದು ಓಡಬೇಡಿ. ಅದು ಕೊಟ್ಟರೂ ಆದೀತು ಎಂಬ ಅನುಮತಿ ಅಷ್ಟೇ. ಟಬ್ಬಿಗೆ ಕಾಟು ಬಿದ್ದಾಗ ಮಾತ್ರ ವೃತ್ತದ ಮಾತೇ ಕೊನೆ.

ಈ ಸ್ವೆಟರನ್ನು ಮಷಿನ್‌ಗೆ ಹಾಕಬಹುದೇ? ಉಣ್ಣೆಯ ಪ್ರೋಗ್ರಾಂ ಇರುವ ಫುಲ್ಲಿ ಆಟೊಮ್ಯಾಟಿಕ್ ಆದರೆ ಹಾಕಿ. ತಣ್ಣೀರು, ಅರ್ಧಕ್ಕಿಂತ ಕಡಿಮೆ ಬಟ್ಟೆ. ಎರಡು ಟಬ್ಬಿನ ಸೆಮಿ ಆಟೊಮ್ಯಾಟಿಕ್‌ಗೆ ಮಾತ್ರ ಬೇಡವೇ ಬೇಡ, ಅದರ ಗುಂಡಿಯ ಮೇಲೆ ಜೆಂಟಲ್ ಎಂದು ಬರೆದಿದ್ದರೂ. ತಳದ ಚಕ್ರ ಬಟ್ಟೆಯನ್ನು ತಿರುಚುತ್ತದೆ. ಉಣ್ಣೆಯ ಎಳೆಯ ಮೇಲೆ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ಸೋಪು, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಯಾಗಿ ಕುಗ್ಗುತ್ತದೆ. ಎಳೆದು ಹಿಗ್ಗಿಸಿದರೂ ಅದು ಹಿಂದಿನಂತಾಗುವುದಿಲ್ಲ.

ನಮ್ಮ ಬಳ್ಳಾರಿ, ರಾಯಚೂರು ಕಡೆ ಇನ್ನೊಂದು ತೊಡಕಿದೆ. 30 ಎಂದರೆ ನೀರಿನ ಗರಿಷ್ಠ ಬಿಸಿ, ಡಿಗ್ರಿ ಸೆಲ್ಸಿಯಸ್ ಲೆಕ್ಕದಲ್ಲಿ. ಚಳಿಗಾಲ ಮುಗಿದು ಸ್ವೆಟರ್, ಶಾಲು ಒಗೆದು ಎತ್ತಿಡುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕ್‌ನಿಂದ ಬರುವ ನೀರು ಗೀಸರ್ ಹಾಕದೆಯೇ ಆ ಮಿತಿ ದಾಟುತ್ತದೆ. ಕೈ ಇಟ್ಟಾಗ ಬೆಚ್ಚಗೆ ಅನಿಸಿದರೆ ಆ ನೀರು ಬೇಡ. ಬೆಳಿಗ್ಗೆಯೇ ಎರಡು ಬಕೆಟ್ ಹಿಡಿದು ನೆರಳಲ್ಲಿಡಿ. ಒಗೆಯುವುದಕ್ಕೂ ಜಾಲಿಸುವುದಕ್ಕೂ ಒಂದೇ ಬಿಸಿಯ ನೀರು ಬೇಕು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬಾರ್ ಸೋಪು ಬಿಳಿ ಜಿಡ್ಡಾಗಿ ಉಣ್ಣೆಗೆ ಅಂಟುತ್ತದೆ. ಉಣ್ಣೆ, ರೇಷ್ಮೆಗೆಂದೇ ಇರುವ ಲಿಕ್ವಿಡ್ ಕೊಳ್ಳಿ, ಬಾಟಲಿ ಮೇಲೆ ಹೇಳಿದಷ್ಟೇ ಹಾಕಿ. ಕಲೆ ತೆಗೆಯಲು ಎಂಜೈಮ್ ಬೆರೆಸಿದ ಮಾಮೂಲಿ ಪುಡಿ ಬೇಡ. ಉಣ್ಣೆ, ರೇಷ್ಮೆ ಎರಡೂ ಪ್ರೋಟೀನ್, ಆ ಎಂಜೈಮ್ ಕಲೆಯ ಜೊತೆ ಎಳೆಯನ್ನೂ ತಿನ್ನುತ್ತದೆ.

ಕೈಯಲ್ಲಿ ಒಗೆಯುವುದಾದರೆ ಐದು ನಿಮಿಷ ನೆನೆಸಿ, ಅಂಗೈಯಿಂದ ಒತ್ತಿ ಬಿಡಿ, ಉಜ್ಜಬೇಡಿ. ಎತ್ತುವಾಗ ತೋಳು ಹಿಡಿದು ಜೋತಾಡಿಸದೆ ಎರಡೂ ಕೈ ಕೆಳಗೆ ಕೊಟ್ಟು ಎತ್ತಿ. ಹಿಂಡದೆ ಒಣ ಟವೆಲ್‌ನಲ್ಲಿ ಸುತ್ತಿ ಒತ್ತಿದರೆ ನೀರು ಇಳಿಯುತ್ತದೆ. ನೆರಳಲ್ಲಿ ಹಾಸಿ ಒಣಗಿಸಿ.

ಟಬ್ಬಿಗೆ ಕಾಟು ಇದ್ದ ಸೂಟು, ಶಾಲುಗಳಿಗೆ ವೃತ್ತದೊಳಗಿನ ಅಕ್ಷರ ಮುಖ್ಯ. ಪಿ ಇದ್ದರೆ ಡ್ರೈ ಕ್ಲೀನಿಂಗ್‌ನ ಮಾಮೂಲಿ ದ್ರಾವಕ ನಡೆಯುತ್ತದೆ. ಎಫ್ ಇದ್ದರೆ ಪೆಟ್ರೋಲಿಯಂ ಜಾತಿಯ ಹಗುರ ದ್ರಾವಕವೇ ಬೇಕು, ಅದನ್ನು ಕೌಂಟರ್‌ನಲ್ಲಿ ಬಾಯಿಬಿಟ್ಟು ಹೇಳಿ. ಡಬ್ಲ್ಯೂ ಎಂದರೆ ನೀರಿನ ಒಗೆತವೇ, ಆದರೆ ಪರಿಣತರ ಕೈಯಲ್ಲಿ, ಮನೆಯ ಬಕೆಟ್ಟಿಗಲ್ಲ. ಬೋರ್ಡಿನ ಮೇಲೆ ಡ್ರೈ ಕ್ಲೀನಿಂಗ್ ಎಂದು ಬರೆದು ನೀರಲ್ಲೇ ಒಗೆದು ಇಸ್ತ್ರಿ ಹಾಕಿ ಕೊಡುವ ಅಂಗಡಿಗಳೂ ಇವೆ, ಕೇಳಿಯೇ ಕೊಡಿ.

ರೇಷ್ಮೆ ಸೀರೆಗೆ ಎಷ್ಟೋ ಸಲ ಲೇಬಲ್ಲೇ ಇರುವುದಿಲ್ಲ. ಜರಿ ಇದ್ದರೆ ಡ್ರೈ ಕ್ಲೀನಿಂಗ್, ಅದರಲ್ಲಿ ಚರ್ಚೆ ಬೇಡ. ಜರಿ ಇಲ್ಲದ್ದಕ್ಕೂ, ಕೈ ಚಿತ್ರವಿರುವ ರೇಷ್ಮೆ ಕುರ್ತಾಕ್ಕೂ ಮೊದಲು ಬಣ್ಣ ಪರೀಕ್ಷಿಸಿ. ಒದ್ದೆ ಮಾಡಿದ ಬಿಳಿ ಅರಿವೆಯನ್ನು ಒಳಗಿನ ಮೂಲೆಗೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಮೈ ಒಂದು ಬಣ್ಣ, ಸೆರಗು ಇನ್ನೊಂದು ಬಣ್ಣ ಇರುವ ಇಳಕಲ್ ಸೀರೆಯಲ್ಲಿ ಎರಡೂ ಕಡೆ ಒತ್ತಿ ನೋಡಬೇಕು. ಅರಿವೆಗೆ ಬಣ್ಣ ಹತ್ತಿದರೆ ಒಗೆಯುವ ಯೋಚನೆ ಬಿಡಿ. ಫಾಲ್ ಹಚ್ಚಿಸುವ ಮುಂಚೆ ಅದನ್ನು ನೀರಲ್ಲಿ ನೆನೆಸಿ ಒಣಗಿಸಿರದಿದ್ದರೂ ಒಗೆಯಬೇಡಿ: ಹತ್ತಿಯ ಫಾಲ್ ಮೊದಲ ಒಗೆತಕ್ಕೇ ಕುಗ್ಗಿ ಸೀರೆಯ ಅಂಚನ್ನು ಸುಕ್ಕುಗಟ್ಟಿಸುತ್ತದೆ.