ಚಕ್ಕುಲಿಯ ಆನ್‌ಲೈನ್ ಅಂಗಡಿ: ಮೊದಲು ಬರೆಯಬೇಕಾದ ಪುಟ

ಮೈಸೂರಿನ ನನ್ನ ಚಿಕ್ಕಮ್ಮ ಚಕ್ಕುಲಿ, ಕೋಡುಬಳೆ ಮಾಡಿ ಪರಿಚಯದವರಿಗೆ ಮಾರುತ್ತಿದ್ದರು. ಆನ್‌ಲೈನ್ ಅಂಗಡಿ ತೆರೆಯಲು ಹೊರಟಾಗ ನಾವು ಮೊದಲ ವಾರವನ್ನು ಲೋಗೊ, ಬಣ್ಣ ಆರಿಸುವುದರಲ್ಲೇ ಕಳೆದೆವು. ಪಾವತಿ ಸೇವೆಗೆ ಅರ್ಜಿ ಹಾಕಿದ ಮೇಲೆ ಅದು ವಾಪಸ್ ಬಂತು: ಜಾಲತಾಣದಲ್ಲಿ ವಿತರಣೆಯ ನಿಯಮವೂ ಇಲ್ಲ, ಹಣ ಮರುಪಾವತಿಯ ನಿಯಮವೂ ಇಲ್ಲ. ಆಗ ಕುಳಿತು ಬರೆದ ಆ ಪುಟವೇ ಉಳಿದೆಲ್ಲವನ್ನೂ ತೀರ್ಮಾನಿಸಿತು. ಆದ್ದರಿಂದ ಕೆಲಸವನ್ನು ಅಲ್ಲಿಂದಲೇ ಆರಂಭಿಸಿ.

ಮೊದಲ ಪ್ರಶ್ನೆ, ಎಲ್ಲಿಯವರೆಗೆ ಕಳುಹಿಸುತ್ತೀರಿ? ಸ್ವಂತ ಜಾಲತಾಣದಿಂದ ಹೊರರಾಜ್ಯಕ್ಕೆ ತಿಂಡಿ ಮಾರಿದರೆ, ವಹಿವಾಟು ಎಷ್ಟೇ ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ಕರ್ನಾಟಕದೊಳಗೆ ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಅದರ ಅಗತ್ಯವಿಲ್ಲ. ಚಿಕ್ಕಮ್ಮ ಕರ್ನಾಟಕವೇ ಸಾಕು ಎಂದರು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾತ್ರ ಮನೆಯ ಅಡುಗೆಮನೆಗೂ ಕಡ್ಡಾಯ. ಆ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೂ ಜಾಲತಾಣದಲ್ಲೂ ಹಾಕಿ.

ಎರಡನೆಯದು, ಯಾವಾಗ ಕಳುಹಿಸುತ್ತೀರಿ? ‘ಬೇಗ ತಲುಪಿಸುತ್ತೇವೆ’ ಎಂದು ಬರೆದರೆ ಪ್ರತಿದಿನ ಫೋನ್ ಬರುತ್ತದೆ. ನಾವು ಬರೆದದ್ದು ಹೀಗೆ: ‘ಮಂಗಳವಾರ ಮತ್ತು ಶುಕ್ರವಾರ ಕರಿಯುತ್ತೇವೆ. ಹಿಂದಿನ ದಿನ ಸಂಜೆ 6ರೊಳಗೆ ಬಂದ ಆರ್ಡರ್ ಮಾರನೆಯ ಬೆಳಿಗ್ಗೆ ಕೊರಿಯರ್‌ಗೆ ಹೋಗುತ್ತದೆ.’ ಈ ‘ಮಾರನೆಯ ಬೆಳಿಗ್ಗೆ’ ಎಂಬುದನ್ನು ಕರಿದ ದಿನದ ಮಾರನೆಯ ದಿನ ಎಂದು ಬಿಡಿಸಿ ಹೇಳಬೇಕಾಯಿತು. ಮೊದಲ ಗ್ರಾಹಕರೇ ಕೇಳಿದರು. ಬಿಸಿ ಆರುವ ಮುನ್ನ ಪೊಟ್ಟಣ ಮುಚ್ಚಿದರೆ ಒಳಗೆ ಹಬೆ ಕೂತು ಚಕ್ಕುಲಿ ಮೆತ್ತಗಾಗುತ್ತದೆ. ಆ ಒಂದು ರಾತ್ರಿ ಅದಕ್ಕಾಗಿಯೇ.

ಸಾಗಣೆ ದರ ಬರೆಯುವ ಮುನ್ನ ಡಬ್ಬ ಅಳೆಯಿರಿ. ಹಲವು ಕೊರಿಯರ್‌ಗಳು ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. ಆ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ ಕಟ್ಟುತ್ತವೆ. ಅರ್ಧ ಕಿಲೋ ಚಕ್ಕುಲಿಯನ್ನು ನಾವು 25, 20, 15 ಸೆಂ.ಮೀ. ಅಳತೆಯ ಡಬ್ಬದಲ್ಲಿಟ್ಟಿದ್ದೆವು. ತಕ್ಕಡಿಯಲ್ಲಿ 650 ಗ್ರಾಂ, ಲೆಕ್ಕದಲ್ಲಿ ಒಂದೂವರೆ ಕಿಲೋ! ಕಾಲು ಕಿಲೋದ ಎರಡು ಪೊಟ್ಟಣ ಮಾಡಿ 20, 15, 12ರ ಡಬ್ಬಕ್ಕೆ ಇಳಿಸಿದಾಗ ಲೆಕ್ಕದ ತೂಕ 720 ಗ್ರಾಂಗೆ ಬಂತು. ಅರ್ಧ ಕಿಲೋ ಹಂತಗಳಲ್ಲಿ ದರ ಕಟ್ಟುವ ಕೊರಿಯರ್‌ನಲ್ಲಿ ಇದು ಒಂದು ಕಿಲೋದ ದರ. ಇಕ್ಕಟ್ಟಾದ ಡಬ್ಬದಲ್ಲಿ ಚಕ್ಕುಲಿ ಅಲುಗಾಡದ ಕಾರಣ ಮುರಿಯುವುದೂ ಕಡಿಮೆಯಾಯಿತು.

ಮುರಿದರೆ ಏನು ಎಂಬುದನ್ನೂ ಬರೆಯಿರಿ. ತಿಂಡಿ ವಾಪಸ್ ತೆಗೆದುಕೊಳ್ಳುವುದಿಲ್ಲ. ತಲುಪಿದ 24 ಗಂಟೆಯೊಳಗೆ ಫೋಟೊ ಕಳುಹಿಸಿದರೆ ಹಣ ಅಥವಾ ಹೊಸ ಪೊಟ್ಟಣ ಕೊಡುತ್ತೇವೆ, ಎಂದು ನಾವು ಬರೆದೆವು. ತಲುಪಿದ ಮೇಲೆ ಹಣ ಪಡೆಯುವ ಸೌಲಭ್ಯವನ್ನು ಕೊಡಲಿಲ್ಲ. ಯಾರಾದರೂ ಬೇಡವೆಂದರೆ ಪೊಟ್ಟಣ ಹತ್ತು ದಿನ ಸುತ್ತಿ ಮರಳುತ್ತದೆ, ಅದನ್ನು ಇನ್ನೊಬ್ಬರಿಗೆ ಮಾರಲಾಗದು.

ಈಗ ಆನ್‌ಲೈನ್ ಅಂಗಡಿ ಕಟ್ಟುವ ವೇದಿಕೆ. ಶಾಪಿಫೈಯಲ್ಲಿ ಮಾರಾಟ ಇರಲಿ ಇಲ್ಲದಿರಲಿ ತಿಂಗಳ ಶುಲ್ಕ ಇದೆ, ಆದರೆ ನಿರ್ವಹಣೆ ಅವರದು. ವರ್ಡ್‌ಪ್ರೆಸ್ ಎಂಬ ಜಾಲತಾಣ ತಂತ್ರಾಂಶದ ಮೇಲೆ ಕೂರುವ ವೂಕಾಮರ್ಸ್ ಉಚಿತ. ಡೊಮೇನ್ ಮತ್ತು ಹೋಸ್ಟಿಂಗ್ ಖರ್ಚು, ಬ್ಯಾಕಪ್, ಅಪ್‌ಡೇಟ್ ನಿಮ್ಮದು. ಮನೆಯಲ್ಲಿ ಕಂಪ್ಯೂಟರ್ ಬಲ್ಲವರಿಲ್ಲದಿದ್ದರೆ ಮೊದಲನೆಯದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನಾವು ವೂಕಾಮರ್ಸ್ ಆರಿಸಿದೆವು. ಅದರ Shipping zones ಪುಟದಲ್ಲಿ ಕರ್ನಾಟಕವನ್ನಷ್ಟೇ ಸೇರಿಸಿ, ಬೇರೆಡೆಗೆ ಸಾಗಣೆ ವಿಧಾನವನ್ನೇ ಕೊಡದಿದ್ದರೆ ಹೊರರಾಜ್ಯದ ವಿಳಾಸಕ್ಕೆ ಆರ್ಡರ್ ಮುಂದೆ ಹೋಗುವುದಿಲ್ಲ.

ಪಾವತಿಗೆ ರೇಜರ್‌ಪೇಯಂಥ ಸೇವೆಗೆ ಪ್ಯಾನ್ ಮತ್ತು ಬ್ಯಾಂಕ್ ವಿವರ ಬೇಕು. ಖಾತೆಯ ಹೆಸರು ಪ್ಯಾನ್‌ನ ಹೆಸರಿಗೆ ಹೊಂದಬೇಕು. ವಿತರಣೆ, ಮರುಪಾವತಿ, ಗೋಪ್ಯತೆ, ಷರತ್ತುಗಳು, ಸಂಪರ್ಕ ಪುಟಗಳು ಅಂಗಡಿಯ ತಳಭಾಗದಲ್ಲೇ ಕಾಣಬೇಕು. ಶುಲ್ಕ ಶೇ 2 ಎಂದಿಟ್ಟುಕೊಂಡರೆ, 300 ರೂಪಾಯಿಯ ಆರ್ಡರ್‌ಗೆ 6 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಕೈಗೆ ಬರುವುದು 292 ರೂಪಾಯಿ 92 ಪೈಸೆ. ಸಾಗಣೆ ದರದ ಮೇಲೂ ಶುಲ್ಕ ಬೀಳುತ್ತದೆ ಎಂಬುದನ್ನು ಬೆಲೆ ಕಟ್ಟುವಾಗ ಮರೆಯಬೇಡಿ.

ಅಂಗಡಿಯನ್ನು ರೇಜರ್‌ಪೇಗೆ ಜೋಡಿಸಲು ಅವರು ಕೊಡುವ ಗುರುತಿನ ಸಂಕೇತವೇ ಕೀ. ಪರೀಕ್ಷೆಯ ಕೀ `rzp_test_` ಎಂದೂ ನಿಜವಾದದ್ದು `rzp_live_` ಎಂದೂ ಆರಂಭವಾಗುತ್ತದೆ. ಕೀ ಬದಲಿಸಿದ ಮೇಲೆ ನಿಮ್ಮದೇ ಫೋನಿನಿಂದ ನಿಜವಾದ ಸಣ್ಣ ಆರ್ಡರ್ ಮಾಡಿ. ಯುಪಿಐ ಆ್ಯಪ್‌ನಲ್ಲಿ ಹಣ ಕಟ್ಟಿ, ಅಂಗಡಿಯ ಪುಟಕ್ಕೆ ಮರಳದೆ ಮುಚ್ಚಿಬಿಡಿ. ಪಾವತಿ ಸೇವೆಯ ಲೆಕ್ಕದಲ್ಲಿ ಹಣ ಬಂದಿದ್ದು ಅಂಗಡಿಯಲ್ಲಿ Pending payment ಎಂದೇ ಉಳಿದರೆ ವೆಬ್‌ಹುಕ್ ಸರಿಯಾಗಿ ಜೋಡಿಸಿಲ್ಲದಿರಬಹುದು. ಪಾವತಿ ಸೇವೆಯು ಅಂಗಡಿಗೆ ನೇರವಾಗಿ ಸುದ್ದಿ ಮುಟ್ಟಿಸುವ ದಾರಿ ಅದು. ಅದನ್ನು ಜೋಡಿಸಿ ಇನ್ನೊಮ್ಮೆ ಇದೇ ರೀತಿ ಆರ್ಡರ್ ಮಾಡಿ. ಸ್ಥಿತಿ Processing ಎಂದು ಬದಲಾದ ಮೇಲೆ ಅಂಗಡಿಯ ಕೊಂಡಿಯನ್ನು ಗ್ರಾಹಕರಿಗೆ ಕಳುಹಿಸಿ.