ಮುಚ್ಚಿದ ಇಮೇಲಿನ ಹಿಂದೆ ಸಿಕ್ಕಿಬಿದ್ದ ಖಾತೆಗಳು

ಇಂಟರ್ನೆಟ್ ಸಂಪರ್ಕದ ಜೊತೆಗೆ ಸಿಕ್ಕಿದ್ದ ನನ್ನ ಹಳೆಯ ಇಮೇಲ್ ವಿಳಾಸ ಮುಚ್ಚಿಹೋಗಿದೆ ಎಂಬುದು ಖಚಿತವಾದದ್ದು, ಬೇರೊಂದು ವಿಳಾಸದಿಂದ ಅದಕ್ಕೆ ಕಳುಹಿಸಿದ ಪತ್ರವು `550 5.1.1` ಎಂಬ ಸಂಕೇತ ಹೊತ್ತು ಹಿಂದಿರುಗಿದಾಗ. ಪೆಟ್ಟಿಗೆ ತುಂಬಿದ್ದರೆ ಸಾಮಾನ್ಯವಾಗಿ `5.2.2` ಎಂದು ಬರುತ್ತದೆ. ನನಗೆ ಬಂದದ್ದು ಅಂಥ ವಿಳಾಸವೇ ಇಲ್ಲ ಎಂಬ ಉತ್ತರ. ಕೆಲವು ದಿನಗಳ ಮಟ್ಟಿಗಾದರೂ ಅದನ್ನು ಮತ್ತೆ ತೆರೆಯುವಂತೆ ಇಂಟರ್ನೆಟ್ ಸಂಪರ್ಕ ಕೊಟ್ಟಿದ್ದ ಕಂಪನಿಯವರನ್ನು ಕೇಳಿಕೊಂಡೆ, ಆಗುವುದಿಲ್ಲವೆಂದರು. ನನ್ನ ಅನೇಕ ಖಾತೆಗಳು ಅದೇ ವಿಳಾಸಕ್ಕೆ ಜೋಡಿಸಿದ್ದವು.

ಆ ಕ್ಷಣದಿಂದ ಯಾವ ಸಾಧನದಲ್ಲೂ ಲಾಗೌಟ್ ಆಗಬಾರದು, ಬ್ರೌಸರಿನ ಕುಕೀಗಳನ್ನು ಅಳಿಸಬಾರದು ಎಂದು ನಿಶ್ಚಯಿಸಿದೆ, ಏಕೆಂದರೆ ಈಗಾಗಲೇ ತೆರೆದಿರುವ ಲಾಗಿನ್ನೇ ನನ್ನ ಕೈಯಲ್ಲಿ ಉಳಿದಿದ್ದ ಕೀಲಿ. ಬ್ರೌಸರ್ ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳಲ್ಲಿ ಹಳೆಯ ವಿಳಾಸವನ್ನು ಹುಡುಕಿದಾಗ 23 ಖಾತೆಗಳು ಸಿಕ್ಕವು. ಪಿಓಪಿ ಎಂಬ ವಿಧಾನದಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಹಳೆಯ ಪತ್ರಗಳಲ್ಲಿ ಸ್ವಾಗತ ಪತ್ರಗಳನ್ನು ಹುಡುಕಿದಾಗ, ನಾನು ಮರೆತೇಬಿಟ್ಟಿದ್ದ ಇನ್ನೂ 6 ಹೊರಬಂದವು.

ಪ್ರತಿ ಖಾತೆಯಲ್ಲೂ ಮೊದಲು ಇಮೇಲ್, ಆಮೇಲೆ ಪಾಸ್‌ವರ್ಡ್ ಬದಲಿಸುವ ಕ್ರಮವನ್ನು ಬಿಡಲಿಲ್ಲ. ಪಾಸ್‌ವರ್ಡ್ ಬದಲಿಸಿದೊಡನೆ ಅನೇಕ ತಾಣಗಳು ಉಳಿದ ಸಾಧನಗಳನ್ನು ಹೊರಹಾಕುತ್ತವೆ. ಮರುಪ್ರವೇಶಕ್ಕೆ ಹಳೆಯ ವಿಳಾಸಕ್ಕೇ ಕೋಡ್ ಕಳುಹಿಸಿದರೆ ಅಲ್ಲಿಗೆ ಕಥೆ ಮುಗಿಯಿತು. ಬಹುಪಾಲು ತಾಣಗಳು ಚಾಲ್ತಿಯಲ್ಲಿರುವ ಪಾಸ್‌ವರ್ಡ್ ಕೇಳಿ, ದೃಢೀಕರಣದ ಕೊಂಡಿಯನ್ನು ಹೊಸ ವಿಳಾಸಕ್ಕೆ ಕಳುಹಿಸಿದವು. ಹಳೆಯದಕ್ಕೆ ಹೋದದ್ದು ಬರಿಯ ಸೂಚನೆ, ಅದು ತಲುಪದಿದ್ದರೂ ಅಡ್ಡಿಯಾಗಲಿಲ್ಲ.

ಕಷ್ಟ ಕೊಟ್ಟದ್ದು ಛಾಯಾಚಿತ್ರಗಳನ್ನಿಟ್ಟಿದ್ದ ಒಂದು ಖಾತೆ. ವಿಳಾಸ ಬದಲಿಸಲು ಅದು ಹಳೆಯ ಪೆಟ್ಟಿಗೆಗೆ ಹೋಗುವ ಕೋಡನ್ನೇ ಕೇಳುತ್ತಿತ್ತು. ಎರಡು ಬಾರಿ ಯತ್ನಿಸಿ ನಿಲ್ಲಿಸಿದೆ, ಮತ್ತೆ ಮತ್ತೆ ಒತ್ತಿದರೆ ಖಾತೆಯೇ ತಾತ್ಕಾಲಿಕವಾಗಿ ಬಂದ್ ಆಗಬಹುದೆಂಬ ಅಳುಕಿತ್ತು. ಹಳೆಯ ಟ್ಯಾಬ್ಲೆಟ್‌ನಲ್ಲಿ ಅದೇ ಖಾತೆ ತೆರೆದಿದ್ದುದರಿಂದ, ಅಲ್ಲಿನ ಭದ್ರತಾ ಸೆಟ್ಟಿಂಗ್‌ನಲ್ಲಿ ಮೊದಲು ಫೋನ್ ಸಂಖ್ಯೆಯನ್ನೂ ದೃಢೀಕರಣದ ಆ್ಯಪನ್ನೂ ಸೇರಿಸಿದೆ. ಇದಕ್ಕೆ ಪಾಸ್‌ವರ್ಡ್ ಸಾಕಾಯಿತು. ಮರುದಿನ ವಿಳಾಸ ಬದಲಿಸಲು ಹೋದಾಗ ‘ಬೇರೆ ವಿಧಾನ’ ಎಂಬ ಆಯ್ಕೆ ಕಾಣಿಸಿಕೊಂಡು, ಆ್ಯಪ್ ತೋರಿಸಿದ ಆರಂಕಿಯ ಕೋಡಿನಿಂದ ಕೆಲಸವಾಯಿತು.

ಮೈಕ್ರೋಸಾಫ್ಟ್ ಖಾತೆಯ ವಿಷಯ ಬೇರೆ. ಅಲ್ಲಿ ಹಳೆಯ ವಿಳಾಸವೊಂದೇ ಭದ್ರತಾ ಮಾಹಿತಿಯಾಗಿದ್ದರಿಂದ ಅದನ್ನು ಪೂರ್ತಿ ಬದಲಿಸಲು ಕೋರಿಕೆ ಸಲ್ಲಿಸಿ 30 ದಿನ ಕಾಯಬೇಕಾಯಿತು. ಆಮೇಲೆ ಹೊಸ ವಿಳಾಸವನ್ನು ಅಲಿಯಾಸ್ ಆಗಿ, ಅಂದರೆ ಅದೇ ಖಾತೆಯ ಇನ್ನೊಂದು ಹೆಸರಾಗಿ ಸೇರಿಸಿ, ಅದನ್ನೇ ಮುಖ್ಯವಾಗಿಸಿ, ಕೊನೆಯಲ್ಲಿ ಹಳೆಯದನ್ನು ತೆಗೆದೆ.

ಲಾಗಿನ್ ಉಳಿದಿರದ ಎರಡು ಖಾತೆಗಳಿದ್ದವು. ಹಣ ಪಾವತಿಸಿದ್ದ ಒಂದರ ಸಹಾಯ ವಿಭಾಗವು ರಸೀದಿ ಸಂಖ್ಯೆ ಮತ್ತು ಖಾತೆ ತೆರೆದ ತಿಂಗಳನ್ನು ಕೇಳಿತು. ಎರಡೂ ಕಂಪ್ಯೂಟರಿನಲ್ಲಿದ್ದ ಹಳೆಯ ಪತ್ರಗಳಲ್ಲಿ ಸಿಕ್ಕವು, 9 ದಿನಗಳಲ್ಲಿ ಖಾತೆ ಮರಳಿತು. ಉಚಿತವಾಗಿದ್ದ ಇನ್ನೊಂದಕ್ಕೆ ಫೋನ್ ಸಂಖ್ಯೆಯನ್ನೂ ಕೊಟ್ಟಿರಲಿಲ್ಲ, ನನ್ನದೆಂದು ತೋರಿಸಲು ಯಾವ ದಾಖಲೆಯೂ ಇರಲಿಲ್ಲ, ಅದು ಹೋಯಿತು.